ಮೂರನೇ ಮಹಡಿಯ ಮನೆ, ಇಬ್ಬರು ಹಿರಿಯರು, ಒಂದು ನಾಯಿ: ಹಾಸನದ ಒಂದು ಪ್ರಕರಣ

ಹಾಸನದಲ್ಲಿ ಸಣ್ಣ ಪ್ರಾಣಿಗಳ ಚಿಕಿತ್ಸೆ ಮಾಡುವ ಪಶುವೈದ್ಯನಾದ ನನ್ನ ಬಳಿಗೆ ಕಳೆದ ವರ್ಷ ಏಪ್ರಿಲ್‌ನಲ್ಲಿ ಒಂದು ಕುಟುಂಬ ಬಂದಿತು. ಅವರ ಬಳಿ ಆಗ ನಾಯಿ ಇರಲಿಲ್ಲ. ಯಾವ ತಳಿಯ ನಾಯಿ ತರಬೇಕೆಂದು ಕೇಳಲು ಅವರು ಬಂದಿದ್ದರು. ನಾಯಿಯನ್ನು ತಂದ ಮೇಲೆ ಬರುವವರೇ ಹೆಚ್ಚಾಗಿರುವ ನನ್ನ ವೃತ್ತಿಯಲ್ಲಿ ಇದು ಅಪರೂಪವಾದ್ದರಿಂದ ಆ ಪ್ರಕರಣದ ಪ್ರತಿಯೊಂದು ಹಂತವನ್ನೂ ನಾನು ಬರೆದಿಟ್ಟುಕೊಂಡೆ. ಕುಟುಂಬದ ಒಪ್ಪಿಗೆ ಪಡೆದು, ಅವರ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬಿಟ್ಟು, ಅದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮನೆ ಮತ್ತು ಮನೆಮಂದಿ

ಅಜ್ಜನಿಗೆ 81 ವರ್ಷ, ಅಜ್ಜಿಗೆ 76. ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಬದುಕು ಕಳೆದ ಅವರು ಮೂರು ವರ್ಷಗಳ ಹಿಂದೆ ತೋಟವನ್ನು ತಮ್ಮನ ಮಕ್ಕಳಿಗೆ ವಹಿಸಿ ಹಾಸನದಲ್ಲಿರುವ ಮಗನ ಫ್ಲ್ಯಾಟಿಗೆ ಬಂದಿದ್ದರು. ಅಜ್ಜನಿಗೆ ಪಾರ್ಕಿನ್ಸನ್ ಕಾಯಿಲೆಯ ಆರಂಭದ ಲಕ್ಷಣಗಳಿದ್ದು, ಅವರು ಊರುಗೋಲು ಹಿಡಿದು ಕಾಲನ್ನು ನೆಲಕ್ಕೆ ಎಳೆದಂತೆ ನಡೆಯುತ್ತಾರೆ. ಅಜ್ಜಿಗೆ ಮೂಳೆ ಸವೆತವಿದೆ, ಒಂದು ಕಣ್ಣಿನ ದೃಷ್ಟಿ ಮಂದವಾಗಿದೆ, ಕಿವಿಗೆ ಶ್ರವಣ ಯಂತ್ರ ಹಾಕುತ್ತಾರೆ. ಹೃದಯದ ಬಡಿತ ಏರುಪೇರಾಗುವ ಕಾರಣ ರಕ್ತ ತೆಳುವಾಗಿಸುವ ಮಾತ್ರೆಯನ್ನೂ ದಿನವೂ ತೆಗೆದುಕೊಳ್ಳುತ್ತಾರೆ. ಮಗ ಮತ್ತು ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆಯ ತನಕ ಹಿರಿಯರಿಬ್ಬರೇ ಮನೆಯಲ್ಲಿರುತ್ತಾರೆ, ನಡುವೆ ಎರಡು ಗಂಟೆ ಮನೆಗೆಲಸದವರು ಬಂದು ಹೋಗುತ್ತಾರೆ. ಮೊಮ್ಮಗ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದ. ನಾಯಿ ಬೇಕೆಂದು ಎಲ್ಲರಿಗಿಂತ ಹೆಚ್ಚು ಹಟ ಹಿಡಿದಿದ್ದವನು ಅವನೇ, ಎರಡು ವರ್ಷದಲ್ಲಿ ಊರು ಬಿಡುವವನೂ ಅವನೇ.

ಆದರೆ ನಾಯಿಯ ಅಗತ್ಯ ನಿಜವಾಗಿ ಇದ್ದದ್ದು ಅಜ್ಜನಿಗೆ. ತೋಟದಲ್ಲಿ ಅವರ ಅಂಗಳದಲ್ಲಿ ನಾಯಿಯಿಲ್ಲದ ದಿನವೇ ಇರಲಿಲ್ಲವಂತೆ. ಎರಡನ್ನು ಚಿರತೆ ಒಯ್ದ ಮೇಲೂ ಮೂರನೆಯದನ್ನು ಸಾಕಿದವರು ಅವರು. ಫ್ಲ್ಯಾಟಿಗೆ ಬಂದ ಮೇಲೆ ಕಿಟಕಿಯ ಪಕ್ಕದ ಕುರ್ಚಿಯನ್ನು ಬಿಟ್ಟು ಏಳುವುದೇ ಕಡಿಮೆಯಾಗಿತ್ತು ಎಂದು ಸೊಸೆ ಹೇಳಿದರು. ಅವರ ಆಸೆ ಲ್ಯಾಬ್ರಡಾರ್ ಮರಿ. ಮೊಮ್ಮಗ ಬೀಗಲ್ ಎನ್ನುತ್ತಿದ್ದ, ಸೊಸೆಗೆ ಪಗ್ ಇಷ್ಟವಾಗಿತ್ತು. ಅಜ್ಜಿ ಮಾತ್ರ, "ಯಾವುದಾದ್ರೂ ತನ್ನಿ, ನನ್ನ ಕಾಲಿಗೆ ಸಿಕ್ಕದೇ ಇರೋದು ತನ್ನಿ" ಎಂದರು. ಇಡೀ ಸಮಸ್ಯೆಯ ತಿರುಳನ್ನು ಆ ದಿನ ಸರಿಯಾಗಿ ಹೇಳಿದವರು ಅವರೊಬ್ಬರೇ.

ನಾನು ತಳಿಯ ಹೆಸರು ಹೇಳುವ ಮೊದಲು ಮನೆಯನ್ನು ನೋಡಬೇಕೆಂದೆ. ಎರಡು ಮಲಗುವ ಕೋಣೆಯ ಆ ಮನೆಯಲ್ಲಿ ಹಿರಿಯರ ಕೋಣೆಯಿಂದ ಬಚ್ಚಲಿಗೆ ಹೋಗುವ ಪ್ಯಾಸೇಜಿನ ಅಗಲ ಮೂರು ಅಡಿ. ಊರುಗೋಲು ಹಿಡಿದ ಮನುಷ್ಯನೊಬ್ಬ ನಡೆದರೆ ಪಕ್ಕದಲ್ಲಿ ನಾಯಿಗೆ ಜಾಗ ಉಳಿಯುವುದಿಲ್ಲ, ಅದು ಮುಂದೆ ಇರಬೇಕು ಇಲ್ಲವೇ ಹಿಂದೆ ಇರಬೇಕು. ನೆಲಕ್ಕೆ ನಯವಾದ, ಕೆನೆಬಣ್ಣದ ವಿಟ್ರಿಫೈಡ್ ಟೈಲ್ಸ್ ಹಾಸಿದ್ದರು. ಮನೆ ಮೂರನೇ ಮಹಡಿಯಲ್ಲಿದ್ದು, ಲಿಫ್ಟ್ ಇದ್ದರೂ ಮಳೆಗಾಲದಲ್ಲಿ ಕರೆಂಟ್ ಹೋದಾಗ ಅದು ನಿಲ್ಲುತ್ತಿತ್ತು. ಹೀಗಾಗಿ ನಾಯಿಗೆ ಕಾಯಿಲೆಯಾದ ದಿನ ಅದನ್ನು ಎತ್ತಿಕೊಂಡು ಮೂರು ಮಹಡಿ ಇಳಿಯುವುದು ಸೊಸೆಯ ಪಾಲಿನ ಕೆಲಸವಾಗುತ್ತಿತ್ತು. ಎಂಟು ಹತ್ತು ಕಿಲೋಗಿಂತ ಹೆಚ್ಚು ತನ್ನಿಂದ ಆಗದು ಎಂದು ಅವರು ಸ್ಪಷ್ಟವಾಗಿ ಹೇಳಿದರು. ಆ ಮಾತಿನಿಂದಲೇ ತೂಕದ ಮೇಲಿನ ಮಿತಿ ನಿಗದಿಯಾಯಿತು.

ಈ ಮಿತಿಯಿಂದಾಗಿ ನಮ್ಮ ನಾಟಿ ನಾಯಿಯೂ ಪಟ್ಟಿಯಿಂದ ಹೊರಗೆ ಹೋಯಿತೆಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನನ್ನ ಬಳಿ ಕೇಳುವ ಹೆಚ್ಚಿನವರಿಗೆ ನಾನು ಮೊದಲು ಸೂಚಿಸುವುದು ಅದನ್ನೇ. ಆರೋಗ್ಯದಲ್ಲಿ ಅದನ್ನು ಮೀರಿಸುವ ತಳಿ ಕಡಿಮೆ. ಆದರೆ ಬೆಳೆದ ನಾಟಿ ನಾಯಿ ಸಾಮಾನ್ಯವಾಗಿ ಹದಿನೈದು ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗುತ್ತದೆ, ಅಪರಿಚಿತರ ಮೇಲೆ ಅದಕ್ಕೆ ಸಹಜವಾದ ಎಚ್ಚರವಿರುತ್ತದೆ. ಪ್ರತಿದಿನ ಹೊರಗಿನವರು ಬಂದು ಹೋಗುವ, ಹಗಲಿನಲ್ಲಿ ಅದನ್ನು ತಡೆದು ಹಿಡಿಯುವವರು ಯಾರೂ ಇಲ್ಲದ ಈ ಮನೆಗೆ ಅದು ಹೊಂದುತ್ತಿರಲಿಲ್ಲ.

ಮರಿ ಬೇಡವೆಂದದ್ದು ಏಕೆ

ತಳಿಯ ಚರ್ಚೆಗಿಂತ ಮೊದಲು ನಾನು ವಯಸ್ಸಿನ ಪ್ರಶ್ನೆಯನ್ನು ಎತ್ತಿದೆ. ಇಂಥ ಮನೆಗೆ ಯಾವ ತಳಿಯದೇ ಆಗಲಿ, ಮರಿಯನ್ನು ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಜ್ಜನಿಗೆ ಇದು ಬಹಳ ಬೇಸರ ತಂದಿತು. ಆದ್ದರಿಂದ ಅವರ ಎದುರು ಕುಳಿತು ಒಂದೊಂದಾಗಿ ವಿವರಿಸಿದೆ.

ಎರಡು ತಿಂಗಳಿಗಿಂತ ಸಣ್ಣ ಮರಿಯನ್ನು ಮಾರುವಂತಿಲ್ಲ ಎಂದು 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ ನಿಯಮಗಳು ಹೇಳುತ್ತವೆ. ನಿಯಮ ಪಾಲಿಸಿ ಎರಡು ತಿಂಗಳ ಮರಿಯನ್ನೇ ತಂದರೂ ಅದು ಎಚ್ಚರವಿರುವಾಗ ಸುಮಾರು ಎರಡು ಗಂಟೆಗೊಮ್ಮೆ ಮೂತ್ರ ಮಾಡುತ್ತದೆ. ಹಿಡಿತ ಬರಲು ಐದಾರು ತಿಂಗಳಾದರೂ ಆಗಬೇಕು. ತೋಟದ ಅಂಗಳದಲ್ಲಿ ಇದು ಯಾರ ಗಮನಕ್ಕೂ ಬರುವ ವಿಷಯವಲ್ಲ. ನಯವಾದ ಟೈಲ್ಸಿನ ಮೇಲೆ ಅಂಗೈಯಗಲದಷ್ಟು ಮೂತ್ರ ಬಿದ್ದಿದ್ದು, ಮಂದದೃಷ್ಟಿಯ ಅಜ್ಜಿಗೆ ಅದು ಕಾಣದೇ ಹೋದರೆ, ಸೊಂಟದ ಮೂಳೆ ಮುರಿಯಲು ಅಷ್ಟು ಸಾಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಏನೂ ಕಾಣದಿದ್ದರೂ ಒಳಗೆ ರಕ್ತ ಸೋರುವ ಅಪಾಯ ಬೇರೆಯವರಿಗಿಂತ ಹೆಚ್ಚು.

ಹಲ್ಲಿನ ವಿಷಯವೂ ಇದೆ. ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಪೂರ್ತಿ ಬರುವ ತನಕ, ಅಂದರೆ ಆರೇಳು ತಿಂಗಳ ತನಕ, ಮರಿ ಕೈ, ಸೀರೆಯ ಅಂಚು, ಪಂಚೆಯ ತುದಿ ಎಲ್ಲವನ್ನೂ ಕಚ್ಚಿ ಎಳೆಯುತ್ತದೆ. ಮರಿಯ ಪಾಲಿಗೆ ಅದು ಆಟ, ಆದರೆ ಸೂಜಿಮೊನೆಯಂಥ ಆ ಹಲ್ಲು ವಯಸ್ಸಾದವರ ಕಾಗದದಂತೆ ತೆಳುವಾದ ಚರ್ಮವನ್ನು ಸುಲಭವಾಗಿ ಸೀಳುತ್ತದೆ. ಮರಿ ಮನೆಗೆ ಬರುವ ಹೊತ್ತಿಗೆ ಲಸಿಕೆಯ ಸರಣಿಯೂ ಮುಗಿದಿರುವುದಿಲ್ಲ. ರೇಬಿಸ್ ಲಸಿಕೆ ಹಾಕುವುದೇ ಮೂರು ತಿಂಗಳ ಸುಮಾರಿಗೆ.

ಕೊನೆಯದಾಗಿ, ಮರಿಯನ್ನು ನೋಡಿದರೆ ಅದು ಮುಂದೆ ಎಂಥ ನಾಯಿಯಾಗುತ್ತದೆ ಎಂದು ಖಚಿತವಾಗಿ ಹೇಳಲಾಗದು. ಲ್ಯಾಬ್ರಡಾರ್ ಮರಿಯೊಂದು ಎರಡು ತಿಂಗಳಲ್ಲಿ ಮಡಿಲಲ್ಲಿ ಹಿಡಿಸುತ್ತದೆ. ಎಂಟು ತಿಂಗಳಿಗೆ ಇಪ್ಪತ್ತೈದು ಕಿಲೋ ತಲುಪಿ, ಬುದ್ಧಿ ಇನ್ನೂ ಮರಿಯದೇ ಆಗಿದ್ದು, ಪ್ರೀತಿಯಿಂದಲೇ ಎದೆಯ ಮೇಲೆ ಹಾರುತ್ತದೆ. ನಾಲ್ಕೈದು ವರ್ಷದ ನಾಯಿಯಲ್ಲಿ ಇಂಥ ಊಹೆಯಿಲ್ಲ. ಅದರ ತೂಕ, ಬೊಗಳುವ ಅಭ್ಯಾಸ, ಅಪರಿಚಿತರ ಬಗೆಗಿನ ನಡವಳಿಕೆ, ಒಂಟಿಯಾಗಿರುವ ಸಾಮರ್ಥ್ಯ ಎಲ್ಲವೂ ಆಗಲೇ ರೂಪುಗೊಂಡಿರುತ್ತವೆ, ನಾವು ಅವನ್ನು ಕಣ್ಣಾರೆ ನೋಡಿ ಆರಿಸಬಹುದು.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಳೆದ ನಾಯಿ ನಮ್ಮನ್ನ ಹಚ್ಕೊಳ್ತದಾ ಡಾಕ್ಟ್ರೇ?" ಎಂದು ಕೇಳಿದರು. ಹಚ್ಚಿಕೊಳ್ಳುತ್ತದೆ ಎಂದು ನಾನು ಧೈರ್ಯವಾಗಿ ಹೇಳಿದೆ, ಏಕೆಂದರೆ ಮನೆ ಬದಲಾದ ಬೆಳೆದ ನಾಯಿಗಳನ್ನು ನಾನು ಬಹಳ ನೋಡಿದ್ದೇನೆ. ಮೊದಲ ಕೆಲವು ದಿನ ಅವು ಮೂಲೆ ಹಿಡಿಯುತ್ತವೆ, ಕೆಲವು ವಾರಗಳಲ್ಲಿ ಮನೆಯ ಗತಿಯನ್ನು ಕಲಿಯುತ್ತವೆ, ಮೂರು ತಿಂಗಳಾಗುವ ಹೊತ್ತಿಗೆ ಬಹುಪಾಲು ಆ ಮನೆಯವೇ ಆಗಿರುತ್ತವೆ.

ತೋಟದ ತಕ್ಕಡಿ

ಬೆಳೆದ ನಾಯಿ ಎಂದು ಒಪ್ಪಿದ ಮೇಲೆ ಹುಡುಕಾಟ ಶುರುವಾಯಿತು. ವರ್ಗಾವಣೆ, ವಿದೇಶ ಪ್ರಯಾಣ, ಮಕ್ಕಳ ಅಲರ್ಜಿ ಮುಂತಾದ ಕಾರಣಗಳಿಂದ ನಾಯಿಯನ್ನು ಒಳ್ಳೆಯ ಮನೆಗೆ ಒಪ್ಪಿಸಬೇಕೆನ್ನುವವರು ನಮ್ಮ ಊರಿನಲ್ಲೂ ಇರುತ್ತಾರೆ, ಪಶುವೈದ್ಯರ ಬಳಿ ಅವರ ವಿವರ ಇರುತ್ತದೆ. ಹೀಗೆ ನಾಲ್ಕು ನಾಯಿಗಳು ಸಿಕ್ಕವು: ಮೂರು ವರ್ಷದ ಗಂಡು ಬೀಗಲ್, ಎರಡೂವರೆ ವರ್ಷದ ಪಗ್, ನಾಲ್ಕು ವರ್ಷದ ಬಿಳಿ ಸ್ಪಿಟ್ಜ್ (ನಮ್ಮಲ್ಲಿ ಎಲ್ಲರೂ ಪೊಮೆರೇನಿಯನ್ ಎಂದು ಕರೆಯುವುದು ಹೆಚ್ಚಾಗಿ ಇದನ್ನೇ), ಮತ್ತು ಐದು ವರ್ಷದ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಹೆಣ್ಣು ಶಿಟ್ಜು.

ಬೀಗಲ್ ಹನ್ನೊಂದು ಕಿಲೋ ತೂಗುತ್ತಿತ್ತು. ಮಿತಿಗಿಂತ ಸ್ವಲ್ಪವೇ ಹೆಚ್ಚು ಎಂದು ಮೊಮ್ಮಗ ವಾದಿಸಿದ. ಹನ್ನೊಂದು ಕಿಲೋ ನಾಯಿ ಎಷ್ಟು ಜೋರಾಗಿ ಎಳೆಯಬಹುದು ಎಂದು ಅಜ್ಜ ಕೇಳಿದರು. ಅದಕ್ಕೆ ಉತ್ತರವೂ ಅವರ ಕೋಣೆಯ ಅಟ್ಟದ ಮೇಲೆಯೇ ಇತ್ತು. ಆಳುಗಳು ಕಿತ್ತು ತಂದ ಕಾಫಿಹಣ್ಣನ್ನು ತೂಗುವ ಸ್ಪ್ರಿಂಗ್ ತಕ್ಕಡಿಯೊಂದನ್ನು ಅವರು ತೋಟದಿಂದ ತಂದು ಇಟ್ಟುಕೊಂಡಿದ್ದರು. ಅದರ ಕೊಕ್ಕೆಗೆ ನಾಯಿಯ ಹಗ್ಗವನ್ನು ಸಿಕ್ಕಿಸಿ, ಮೇಲಿನ ಬಳೆಯನ್ನು ಮೊಮ್ಮಗನ ಕೈಗೆ ಕೊಟ್ಟು, ಅಪಾರ್ಟ್‌ಮೆಂಟಿನ ಹಿಂದಿನ ಕಾಂಪೌಂಡಿನಲ್ಲಿ ನಡೆಸಿದೆವು. ಸಾಮಾನ್ಯವಾಗಿ ನಡೆಯುವಾಗ ಮುಳ್ಳು ಎರಡು ಮೂರು ಕಿಲೋದಲ್ಲಿ ಆಡುತ್ತಿತ್ತು. ಗೋಡೆಯ ಮೇಲೆ ಬೆಕ್ಕೊಂದು ಕಾಣಿಸಿದ ಕ್ಷಣದಲ್ಲಿ ಅದು ಹತ್ತು ದಾಟಿ ಮತ್ತೆ ಹಿಂದೆ ಬಂದಿತು. ಒಂದು ಕಾಲನ್ನು ಎತ್ತಿದ್ದ ಹೊತ್ತಿನಲ್ಲಿ ಹತ್ತು ಕಿಲೋ ಭಾರ ಪಕ್ಕಕ್ಕೆ ಒಮ್ಮೆಲೇ ಜಗ್ಗಿದರೆ ತಾವು ನಿಲ್ಲುವುದಿಲ್ಲ ಎಂಬುದು ಅಜ್ಜನಿಗೆ ಮಾತಿಲ್ಲದೆ ಅರ್ಥವಾಯಿತು. ಲ್ಯಾಬ್ರಡಾರ್ ಆಸೆಯನ್ನೂ ಅವರು ಬಿಟ್ಟದ್ದು ಆಗಲೇ.

ಬೀಗಲ್ ಒಳ್ಳೆಯ ನಾಯಿ. ಆದರೆ ವಾಸನೆ ಹಿಡಿದು ಬೇಟೆಯಾಡಲೆಂದೇ ಬೆಳೆಸಿದ ತಳಿಯದು. ವಾಸನೆ ಸಿಕ್ಕರೆ ಕರೆದದ್ದು ಅದಕ್ಕೆ ಕೇಳಿಸುವುದಿಲ್ಲ, ಓಡಾಟ ಸಾಲದಿದ್ದರೆ ಉದ್ದನೆಯ ರಾಗದಲ್ಲಿ ಊಳಿಡುತ್ತದೆ. ಹಗಲೆಲ್ಲ ಇಬ್ಬರು ಹಿರಿಯರ ಜೊತೆ ನಾಲ್ಕು ಗೋಡೆಯೊಳಗೆ ಅದನ್ನು ಇಡುವುದು ಆ ನಾಯಿಗೇ ಅನ್ಯಾಯವಾಗುತ್ತಿತ್ತು.

ಸಣ್ಣ ನಾಯಿಯ ಅಪಾಯ

ಹಿರಿಯರಿರುವ ಮನೆಗೆ ಸಣ್ಣ ನಾಯಿ ಸುರಕ್ಷಿತ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ಅರ್ಧ ಸತ್ಯ ಮಾತ್ರ. ದೊಡ್ಡ ನಾಯಿ ಎಳೆದು ಕೆಡವುತ್ತದೆ, ಸಣ್ಣ ನಾಯಿ ಕಾಲಿಗೆ ಸಿಕ್ಕಿ ಕೆಡವುತ್ತದೆ. ದೊಡ್ಡ ನಾಯಿಯ ಅಪಾಯ ಹಗ್ಗ ಹಿಡಿದಿರುವಾಗ ಹೆಚ್ಚು, ಹಗ್ಗವನ್ನು ಬೇರೆಯವರ ಕೈಗೆ ಕೊಟ್ಟರೆ ಬಹುಮಟ್ಟಿಗೆ ತಪ್ಪುತ್ತದೆ. ಸಣ್ಣ ನಾಯಿಯ ಅಪಾಯ ಅಡುಗೆಮನೆಯಲ್ಲಿ, ಹಾಸಿಗೆಯ ಪಕ್ಕದಲ್ಲಿ, ಬಚ್ಚಲ ಬಾಗಿಲಲ್ಲಿ ದಿನವಿಡೀ ಇರುತ್ತದೆ. ಆದ್ದರಿಂದ ಸಣ್ಣ ತಳಿಗಳ ನಡುವೆ ಆರಿಸುವಾಗ ನಾನು ನೋಡುವುದು ನಾಯಿ ಎಲ್ಲಿ ಮಲಗುತ್ತದೆ, ಮನುಷ್ಯ ಎದ್ದಾಗ ಏನು ಮಾಡುತ್ತದೆ ಎಂಬುದನ್ನು.

ಇದಕ್ಕೆ ನಾನು ಮಾಡುವ ಪರೀಕ್ಷೆ ಬಹಳ ಸರಳ. ನಾಯಿಯ ಈಗಿನ ಮನೆಯಲ್ಲಿ ಒಂದು ಗಂಟೆ ಕುಳಿತು, ಮನೆಯವರೊಬ್ಬರು ಕೋಣೆಯಿಂದ ಕೋಣೆಗೆ ಇಪ್ಪತ್ತು ಬಾರಿ ನಡೆಯುವಂತೆ ಹೇಳಿ, ಎಷ್ಟು ಬಾರಿ ನಾಯಿ ಹಿಂಬಾಲಿಸಿತು, ಎಷ್ಟು ಬಾರಿ ಕಾಲಿನ ಮುಂದೆ ಹಾಯ್ದಿತು ಎಂದು ಗುರುತು ಹಾಕಿಕೊಳ್ಳುತ್ತೇನೆ. ಪಗ್ ಇಪ್ಪತ್ತಕ್ಕೆ ಹದಿನೆಂಟು ಬಾರಿ ಹಿಂಬಾಲಿಸಿತು, ಏಳು ಬಾರಿ ಮುಂದೆ ಹಾಯ್ದಿತು. ಮನುಷ್ಯನ ನೆರಳಾಗಿ ಇರುವುದು ಪಗ್ ತಳಿಯ ಸ್ವಭಾವವೇ ಆಗಿದ್ದು, ಜನ ಅದನ್ನು ಇಷ್ಟಪಡುವುದೂ ಅದಕ್ಕಾಗಿಯೇ. ಆದರೆ ಈ ಮನೆಯಲ್ಲಿ ಆ ಗುಣವೇ ದೋಷವಾಗುತ್ತಿತ್ತು. ಜೊತೆಗೆ ಆ ಪಗ್‌ನ ಮೂಗಿನ ಹೊಳ್ಳೆಗಳು ಗೀರಿನಷ್ಟು ಕಿರಿದಾಗಿದ್ದವು. ನೆರಳಿನಲ್ಲಿ ಐದು ನಿಮಿಷ ನಡೆಸಿದ ಮೇಲೂ ಅದರ ಗೊರಗೊರ ಉಸಿರು ಹತ್ತು ನಿಮಿಷ ತಗ್ಗಲಿಲ್ಲ. ಹಾಸನದ ಹವೆ ಬಯಲುಸೀಮೆಯಷ್ಟು ಬಿಸಿಯಲ್ಲದಿದ್ದರೂ, ಇಂಥ ಮೂಗಿನ ನಾಯಿಗೆ ಏಪ್ರಿಲ್ ಮಧ್ಯಾಹ್ನ ಸಾಕಷ್ಟು ಕಷ್ಟ ಕೊಡುತ್ತದೆ.

ಸ್ಪಿಟ್ಜ್ ಚುರುಕಾಗಿ, ಆರೋಗ್ಯವಾಗಿ, ಆರೇ ಕಿಲೋ ತೂಗುತ್ತಿತ್ತು. ಕಾಲಿಗೂ ಅಷ್ಟಾಗಿ ಸಿಕ್ಕಲಿಲ್ಲ. ಆದರೆ ಕರೆಗಂಟೆ, ಲಿಫ್ಟಿನ ಸದ್ದು, ಪಕ್ಕದ ಮನೆಯ ಬಾಗಿಲು ಎಲ್ಲಕ್ಕೂ ಅದು ಕೀರಲು ದನಿಯಲ್ಲಿ ಬೊಗಳುತ್ತಿತ್ತು. ಶ್ರವಣ ಯಂತ್ರ ಹಾಕಿಕೊಂಡವರಿಗೆ ಹತ್ತಿರದಿಂದ ಬರುವ ಇಂಥ ತೀಕ್ಷ್ಣ ಶಬ್ದ ಕಿವಿಗೆ ಚುಚ್ಚಿದಂತಾಗುತ್ತದೆ. ಯಂತ್ರವನ್ನು ತೆಗೆದಿಟ್ಟರೆ ಅಜ್ಜಿಗೆ ಅಜ್ಜ ಕರೆದದ್ದು ಕೇಳದು. ಅಜ್ಜನಿಗೂ ಹಠಾತ್ ಶಬ್ದಕ್ಕೆ ಮೈ ಬೆಚ್ಚಿ, ನಡೆಯುವ ಹೆಜ್ಜೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಸ್ವಂತ ಅಂಗಳವಿದ್ದು ಕಾವಲು ಬೇಕಿದ್ದ ಮನೆಯಾಗಿದ್ದರೆ ನಾನು ಈ ನಾಯಿಯನ್ನೇ ಹೇಳುತ್ತಿದ್ದೆ.

ಉಳಿದದ್ದು ಶಿಟ್ಜು. ತೂಕ 6.2 ಕಿಲೋ, ಮೈಬಣ್ಣ ಕಂದು ಮತ್ತು ಬಿಳಿ. ಇಪ್ಪತ್ತು ಬಾರಿಯಲ್ಲಿ ಎಂಟು ಬಾರಿ ಮಾತ್ರ ಎದ್ದು ಬಂದಿತು, ಮುಂದೆ ಹಾಯ್ದದ್ದು ಒಂದೇ ಬಾರಿ. ಕರೆಗಂಟೆಗೆ ಎರಡು ಸಲ ಬೊಗಳಿ ಬಾಗಿಲ ಕಡೆ ನೋಡಿ ಸುಮ್ಮನಾಯಿತು. ಶಿಟ್ಜು ಕೂಡ ಚಪ್ಪಟೆ ಮುಖದ ತಳಿಯೇ ಆದ್ದರಿಂದ ಮೂಗನ್ನು ಎಚ್ಚರಿಕೆಯಿಂದ ನೋಡಿದೆ. ಹೊಳ್ಳೆಗಳು ಅಗಲವಾಗಿ ತೆರೆದಿದ್ದವು, ನಡೆದಾದ ಮೇಲೆ ಉಸಿರು ಎರಡು ಮೂರು ನಿಮಿಷದಲ್ಲಿ ಸದ್ದಿಲ್ಲದಂತಾಯಿತು. ಈ ತಳಿಯ ಹೊರೆ ಬೇರೆ ಕಡೆ ಇದೆ. ಕೂದಲು ನಿಲ್ಲದೆ ಬೆಳೆಯುತ್ತದೆ, ಬಾಚದಿದ್ದರೆ ಗಂಟುಗಟ್ಟಿ ಚರ್ಮ ಕೆಡುತ್ತದೆ. ಕಣ್ಣು ಉಬ್ಬಿಕೊಂಡಿರುವುದರಿಂದ ಗೀರು ಬಿದ್ದು ಹುಣ್ಣಾಗುವುದು ಬೇಗ. ಆರು ವಾರಕ್ಕೊಮ್ಮೆ ಮೈಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡು, ದಿನಕ್ಕೊಮ್ಮೆ ಬಾಚಿ, ಕಣ್ಣಿನ ಮೂಲೆಯನ್ನು ಒದ್ದೆ ಹತ್ತಿಯಿಂದ ಒರೆಸಿದರೆ ಇದು ನಿಭಾಯಿಸಬಹುದಾದ ಹೊರೆ. ನಾಯಿ ಒಂದು ಕಣ್ಣನ್ನು ಮುಚ್ಚಿಕೊಂಡು ನೀರು ಸುರಿಸಿದರೆ ಮಾತ್ರ ನಾಳೆಗೆ ಎನ್ನದೆ ಅಂದೇ ಕರೆತರಬೇಕೆಂದು ಒತ್ತಿ ಹೇಳಿದೆ.

ಇಷ್ಟಾದರೂ ಶಿಟ್ಜು ತಳಿಯೇ ಹಿರಿಯರಿರುವ ಮನೆಗೆ ತಕ್ಕದ್ದು ಎಂದು ನಾನು ಹೇಳುತ್ತಿಲ್ಲ. ನೆರಳಿನಂತೆ ಹಿಂಬಾಲಿಸುವ ಶಿಟ್ಜುಗಳೂ ಇವೆ, ಮೂಲೆಯಲ್ಲಿ ನೆಮ್ಮದಿಯಾಗಿ ಮಲಗುವ ಪಗ್‌ಗಳೂ ಇವೆ. ಆರಿಸಿದ್ದು ಆ ಒಂದು ನಾಯಿಯನ್ನು.

ಹದಿನಾಲ್ಕು ದಿನದ ಒಪ್ಪಂದ

ನಾಯಿಯ ಹಳೆಯ ಮನೆಯವರೊಂದಿಗೆ ಮಾತನಾಡಿ, ಹದಿನಾಲ್ಕು ದಿನ ಇಟ್ಟುಕೊಂಡು ನೋಡುವುದು, ಹೊಂದದಿದ್ದರೆ ಯಾವ ಬೇಸರವೂ ಇಲ್ಲದೆ ಹಿಂದಿರುಗಿಸುವುದು ಎಂದು ಒಪ್ಪಿಕೊಂಡೆವು. ಅದಕ್ಕೂ ಮೊದಲು ಅಜ್ಜಿಯ ಹೃದಯದ ವೈದ್ಯರ ಒಪ್ಪಿಗೆ ಪಡೆಯುವಂತೆ ಹೇಳಿದೆ. ನಾಯಿಯ ರೇಬಿಸ್ ಮತ್ತು ಇಲಿಜ್ವರ ಸೇರಿದ ವಾರ್ಷಿಕ ಲಸಿಕೆ, ಜಂತುಹುಳುವಿನ ಔಷಧ, ಉಣ್ಣೆಯ ಔಷಧ ಎಲ್ಲವನ್ನೂ ಹೊಸದಾಗಿ ಕೊಟ್ಟೆ. ಉಗುರನ್ನು ಕತ್ತರಿಸಿ ಅರದಿಂದ ಉಜ್ಜಿ ಮೊಂಡು ಮಾಡಿದೆ, ಮೂರು ವಾರಕ್ಕೊಮ್ಮೆ ಇದು ನಡೆಯಬೇಕು. ಲಸಿಕೆಯಾದ ನಾಯಿಯೇ ಆದರೂ ಹಲ್ಲು ಅಥವಾ ಉಗುರು ತಾಗಿ ಚರ್ಮ ಒಡೆದರೆ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಬೇಕು ಎಂಬುದನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆವು.

ಅಪಾರ್ಟ್‌ಮೆಂಟ್ ಸಂಘದ ಪದಾಧಿಕಾರಿಯೊಬ್ಬರು ಲಿಫ್ಟಿನಲ್ಲಿ ನಾಯಿ ಬೇಡವೆಂದರು. ಸಾಕುಪ್ರಾಣಿಗಳನ್ನು ಸಂಘವು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಕೆಯಿಂದಲೂ ತಡೆಯುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಅದರ ಪ್ರತಿಯನ್ನು ಮಗ ಕೊಟ್ಟ ಮೇಲೆ ಮಾತು ಅಲ್ಲಿಗೇ ನಿಂತಿತು.

ಮೊದಲ ಮೂರು ದಿನ ನಾಯಿ ಸೋಫಾದ ಕೆಳಗಿನಿಂದ ಊಟಕ್ಕೆ ಮತ್ತು ಹೊರಗೆ ಹೋಗಲು ಮಾತ್ರ ಬಂದಿತು. ನಾಲ್ಕನೇ ದಿನ ಬೆಳಿಗ್ಗೆ ನಾನು ಭಯಪಟ್ಟದ್ದೇ ನಡೆಯಿತು. ಅಜ್ಜಿ ಒಲೆಯ ಮುಂದೆ ನಿಂತು ಹಾಲು ಕಾಯಿಸುತ್ತಿದ್ದಾಗ ನಾಯಿ ಸದ್ದಿಲ್ಲದೆ ಬಂದು ಅವರ ಹಿಮ್ಮಡಿಯ ಹಿಂದೆ ಮಲಗಿತ್ತು. ಹಾಲು ಉಕ್ಕಿದ್ದನ್ನು ಕಂಡು ಅವರು ಒಂದು ಹೆಜ್ಜೆ ಹಿಂದೆ ಸರಿದರು. ಕೈಗೆ ಅಡುಗೆಕಟ್ಟೆ ಸಿಕ್ಕಿದ್ದರಿಂದ ಬೀಳಲಿಲ್ಲ. ಅಂದು ಸಂಜೆಯೇ ನಾನು ಹೋಗಿ ಅಜ್ಜಿಯ ಎತ್ತರದಿಂದ, ಅವರ ಕನ್ನಡಕ ತೆಗೆದರೆ ಕಾಣುವಷ್ಟು ಮಂದ ಬೆಳಕಿನಲ್ಲಿ ನೆಲವನ್ನು ನೋಡಿದೆ. ನಾಯಿಯ ಬೆನ್ನಿನ ಬಿಳಿಭಾಗ ಕೆನೆಬಣ್ಣದ ಟೈಲ್ಸಿನಲ್ಲಿ ಕರಗಿಹೋಗುತ್ತಿತ್ತು, ಕಂದು ಮಚ್ಚೆಗಳು ನೆಲದ ಮೇಲಿನ ನೆರಳಿನಂತೆ ಕಾಣುತ್ತಿದ್ದವು. ನಾಯಿಯ ಬಣ್ಣವನ್ನು ನೆಲದ ಬಣ್ಣದ ಜೊತೆ ಇಟ್ಟು ನೋಡಬೇಕೆಂಬುದು ಆರಿಸುವಾಗ ನನಗೆ ಹೊಳೆದಿರಲಿಲ್ಲ. ಆ ತಪ್ಪು ನನ್ನದು. ಅಂದಿನಿಂದ ಹಿರಿಯರಿರುವ ಮನೆಗೆ ಹೋದಾಗ ನಾನು ಮೊದಲು ನೋಡುವುದು ನೆಲದ ಬಣ್ಣವನ್ನೇ.

ಮೂರು ಬದಲಾವಣೆ ಮಾಡಿದೆವು. ಅಡುಗೆಮನೆಯ ಬಾಗಿಲಿಗೆ, ಹಿರಿಯರು ದಾಟಬೇಕಾಗದಂತೆ ಸೊಂಟದೆತ್ತರದ, ಬಾಗಿಲಿನಂತೆಯೇ ತೆರೆಯುವ ಗೇಟು ಹಾಕಿಸಿದೆವು. ಮಂಡಿಯೆತ್ತರದ ತಡೆ ಹಾಕಿದ್ದರೆ ಅದನ್ನೇ ಎಡವುತ್ತಿದ್ದರು. ಎರಡನೆಯದಾಗಿ, ನಾಯಿಯ ಎದೆಪಟ್ಟಿಯನ್ನು ಗಾಢ ಕೆಂಪು ಬಣ್ಣದ್ದಾಗಿ ಬದಲಿಸಿ, ಪ್ಯಾಸೇಜಿನಲ್ಲಿ ಯಾರಾದರೂ ಎದ್ದರೆ ತಾನಾಗಿ ಹೊತ್ತಿಕೊಳ್ಳುವ ದೀಪವನ್ನು ನೆಲದ ಹತ್ತಿರ ಹಾಕಿದೆವು.

ಮೂರನೆಯದು ಗಂಟೆ. ಸೊಸೆ ಅಂಗಡಿಯಿಂದ ಸಣ್ಣ ಗೆಜ್ಜೆಯನ್ನು ತಂದು ಕಟ್ಟಿದ್ದರು. ಅದು ನಮಗೆಲ್ಲ ಚೆನ್ನಾಗಿ ಕೇಳಿಸುತ್ತಿತ್ತು, ಅಜ್ಜಿಗೆ ಮಾತ್ರ ಕೇಳಿಸುತ್ತಿರಲಿಲ್ಲ. ವಯಸ್ಸಾದಂತೆ ಮೊದಲು ಕುಂದುವುದು ಎತ್ತರದ ಸ್ವರಗಳನ್ನು ಕೇಳುವ ಶಕ್ತಿ, ಗೆಜ್ಜೆಯ ಸದ್ದು ಅಂಥದ್ದು. ರಾತ್ರಿ ಬಚ್ಚಲಿಗೆ ಎದ್ದಾಗ ಅವರು ಶ್ರವಣ ಯಂತ್ರವನ್ನೂ ಹಾಕಿಕೊಂಡಿರುವುದಿಲ್ಲ. ಇದನ್ನು ಕೇಳಿದ ಅಜ್ಜ ತೋಟದಿಂದ ಕರುವಿನ ಕೊರಳಿಗೆ ಕಟ್ಟುವ ಹಿತ್ತಾಳೆಯ ಸಣ್ಣ ಗಂಟೆಯೊಂದನ್ನು ತರಿಸಿದರು. ಅದರ ದನಿ ತಗ್ಗಿನದು, ಮಂದ್ರದ್ದು. ಅಜ್ಜಿಯನ್ನು ಬೆನ್ನು ತಿರುಗಿಸಿ ಕೂರಿಸಿ, ಯಂತ್ರ ತೆಗೆಸಿ, ಆರು ಅಡಿ ದೂರದಿಂದ ಅಲ್ಲಾಡಿಸಿದಾಗ, "ಹಾಂ, ಕರು ಬಂತು" ಎಂದರು. ನಾಯಿಯ ಕಿವಿ ಸೂಕ್ಷ್ಮವಾದ್ದರಿಂದ ಇಡೀ ದಿನ ಗಂಟೆ ಬೇಡವೆಂದು, ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರ ತನಕ ಮಾತ್ರ ಕಟ್ಟುವುದೆಂದು ನಿರ್ಧರಿಸಿದೆವು.

ಒಂಬತ್ತನೇ ದಿನದ ಘಟನೆ ಬೇರೆ ಬಗೆಯದು. ಕೈನಡುಕದಿಂದ ಅಜ್ಜನ ಬೆರಳಿನಿಂದ ಜಾರಿದ ಮಾತ್ರೆಯೊಂದು ಉರುಳಿ ಕುರ್ಚಿಯ ಕೆಳಗೆ ಹೋಯಿತು, ಅವರು ಬಗ್ಗುವ ಮೊದಲೇ ನಾಯಿ ಅದನ್ನು ಮೂಸುತ್ತಿತ್ತು. ಮನೆಗೆಲಸದವರು ಹತ್ತಿರವೇ ಇದ್ದುದರಿಂದ ಎತ್ತಿಕೊಂಡರು. ಹಿರಿಯರ ಮಾತ್ರೆಗಳು ಆರು ಕಿಲೋ ನಾಯಿಗೆ ಸಣ್ಣ ವಿಷಯವಲ್ಲ. ನಾವು ಸಾಮಾನ್ಯವೆಂದು ನುಂಗುವ ನೋವಿನ ಮಾತ್ರೆಗಳೂ ನಾಯಿಯ ಮೂತ್ರಪಿಂಡ ಮತ್ತು ಯಕೃತ್ತಿಗೆ ಹಾನಿ ಮಾಡಬಲ್ಲವು, ರಕ್ತದೊತ್ತಡದ ಮಾತ್ರೆ ಹೃದಯವನ್ನೇ ಕೆಡಿಸಬಲ್ಲದು. ಅಂದಿನಿಂದ ಮಾತ್ರೆ ತೆಗೆದುಕೊಳ್ಳುವುದು ಊಟದ ಮೇಜಿನ ಮೇಲೆ, ಅಂಚಿರುವ ಸ್ಟೀಲ್ ತಟ್ಟೆಯೊಳಗೆ, ನಾಯಿ ಗೇಟಿನ ಆಚೆ ಇರುವಾಗ ಮಾತ್ರ ಎಂದಾಯಿತು. ಹೀಗೆ ತಟ್ಟೆಯಲ್ಲಿ ಎಣಿಸಿ ತೆಗೆದುಕೊಳ್ಳತೊಡಗಿದ ಮೇಲೆ ಅಜ್ಜನ ಮಾತ್ರೆ ತಪ್ಪುವುದೂ ಕಡಿಮೆಯಾಗಿದೆ ಎಂದು ಸೊಸೆ ಆಮೇಲೆ ಹೇಳಿದರು.

ಹದಿನಾಲ್ಕನೇ ದಿನ ಎಲ್ಲರನ್ನೂ ಕೂರಿಸಿ ಕೇಳಿದಾಗ, ಮೊದಲು ಇರಲಿ ಎಂದವರು ಅಜ್ಜಿ.

ಹದಿನೈದು ತಿಂಗಳ ನಂತರ

ನಾಯಿಯನ್ನು ಹೊರಗೆ ಕರೆದೊಯ್ಯುವುದು ಈಗಲೂ ಮಗ, ಸೊಸೆ ಮತ್ತು ಮೊಮ್ಮಗನ ಕೆಲಸ. ಬೆಳಿಗ್ಗೆ, ಸಂಜೆ, ರಾತ್ರಿ ಮೂರು ಬಾರಿ ಹೋಗುತ್ತದೆ. ಹಗಲಿನ ತುರ್ತಿಗೆ ಬಾಲ್ಕನಿಯಲ್ಲಿ ಕೃತಕ ಹುಲ್ಲು ಹಾಸಿದ ತಟ್ಟೆ ಇದೆ, ಅದರ ಸುತ್ತ ನೀರು ಹೀರುವ ಒರಟು ಚಾಪೆ ಇದೆ. ಹಗ್ಗ ಹಿರಿಯರ ಕೈಗೆ ಹೋಗುವುದಿಲ್ಲ ಎಂಬ ನಿಯಮವನ್ನು ಯಾರೂ ಮುರಿದಿಲ್ಲ. ಆದರೆ ಸಂಜೆ ನಾಯಿ ಕೆಳಗೆ ಹೋಗುವಾಗ ಅಜ್ಜನೂ ಊರುಗೋಲು ಹಿಡಿದು ಲಿಫ್ಟಿನಲ್ಲಿ ಇಳಿದು ಕಾಂಪೌಂಡಿನ ಕಟ್ಟೆಯ ಮೇಲೆ ಕೂರುತ್ತಾರೆ. ಈ ಹದಿನೈದು ತಿಂಗಳಲ್ಲಿ ನಾಯಿಯ ಕಾರಣದಿಂದ ಯಾರೂ ಬಿದ್ದಿಲ್ಲ. ಕಳೆದ ಮಳೆಗಾಲದಲ್ಲಿ ನಾಯಿಗೆ ಒಮ್ಮೆ ಬಲಗಣ್ಣಿನಲ್ಲಿ ಗೀರು ಬಿದ್ದಿತ್ತು, ಅಂದೇ ಕರೆತಂದದ್ದರಿಂದ ಹತ್ತು ದಿನದಲ್ಲಿ ವಾಸಿಯಾಯಿತು.

ಬಗೆಹರಿಯದೆ ಉಳಿದದ್ದು ತೂಕ. ಒಂದು ವರ್ಷದ ತಪಾಸಣೆಯಲ್ಲಿ 6.2 ಕಿಲೋ ಇದ್ದದ್ದು 7.1 ಆಗಿತ್ತು, ಪಕ್ಕೆಲುಬನ್ನು ಒತ್ತಿ ಹುಡುಕಬೇಕಾಗಿತ್ತು. ಆರು ಕಿಲೋ ನಾಯಿಗೆ ಒಂದು ಕಿಲೋ ಹೆಚ್ಚುವುದೆಂದರೆ ಉಸಿರಿಗೂ ಮಂಡಿಗೂ ಭಾರ. ದಿನಕ್ಕೆ ನೂರು ಗ್ರಾಂ ಒಣ ಆಹಾರವನ್ನು ಅಳೆದೇ ಹಾಕುತ್ತಿದ್ದೇವೆಂದು ಸೊಸೆ ಹೇಳಿದರು, ಅದು ಸುಳ್ಳಾಗಿರಲಿಲ್ಲ. ಅಜ್ಜ ಬೆಳಗಿನ ಅಕ್ಕಿರೊಟ್ಟಿಯಲ್ಲಿ ಕಾಲುಭಾಗವನ್ನು ಕುರ್ಚಿಯ ಪಕ್ಕದಲ್ಲಿ ದಿನವೂ ಕೊಡುತ್ತಿದ್ದರು. ಬೇಡವೆಂದರೆ ಅವರು ಕೇಳುವವರಲ್ಲ, ಕೇಳಬೇಕೆಂದು ನನಗೂ ಅನ್ನಿಸಲಿಲ್ಲ. ಆದ್ದರಿಂದ ಆ ನೂರು ಗ್ರಾಮನ್ನು ಮೊದಲು ತೊಂಬತ್ತಕ್ಕೆ ಇಳಿಸಿದೆ. ಅದರಿಂದಲೇ ಬೆಳಿಗ್ಗೆ ಹದಿನೈದು ಗ್ರಾಂ ತೆಗೆದು ಒಂದು ಡಬ್ಬಿಯಲ್ಲಿ ಹಾಕಿ ಅಜ್ಜನ ಕುರ್ಚಿಯ ಪಕ್ಕ ಇಡಬೇಕು, ಕೊಡುವುದೆಲ್ಲ ಆ ಡಬ್ಬಿಯಿಂದ, ಒಂದೊಂದೇ ಕಾಳು ಎಂದು ಗೊತ್ತುಮಾಡಿದೆ. ಎರಡು ತಿಂಗಳಲ್ಲಿ ತೂಕ 6.8ಕ್ಕೆ ಇಳಿದಿದೆ. ಕಾಳೊಂದನ್ನು ಬೆರಳಿನಲ್ಲಿ ಹಿಡಿದು ಅಜ್ಜ ಕೈ ಚಾಚಿದಾಗ ನಾಯಿ ಕಸಿದುಕೊಳ್ಳುವುದಿಲ್ಲ, ನಡುಗುವ ಕೈ ತುಸು ಸ್ಥಿರವಾಗುವ ತನಕ ಕಾದು, ತುಟಿಯಿಂದ ಎತ್ತಿಕೊಳ್ಳುತ್ತದೆ. ಇದನ್ನು ಅದಕ್ಕೆ ಯಾರೂ ಕಲಿಸಲಿಲ್ಲವೆಂದು ಮನೆಯವರು ಹೇಳುತ್ತಾರೆ. ಮುಂದಿನ ತೂಕ ಅಕ್ಟೋಬರ್ ಮೊದಲ ವಾರದಲ್ಲಿ.